ಮ್ಯಾಟ್ರಿಕ್ಸ್‌ನ ಖಾಲಿ ಸೆಲ್‌ಗಳಲ್ಲಿ ಏನು ಬರೆಯಬೇಕು?

ಪ್ರಶ್ನೆ: ವಿಜಯನಗರಕ್ಕೆ ಬಂದ ವಿದೇಶಿ ಪ್ರವಾಸಿಗರ ಮೇಲೆ ಎಂ.ಎ. ಪ್ರಬಂಧ ಬರೀತಿದ್ದೀನಿ. ಸಿಂಥೆಸಿಸ್ ಮ್ಯಾಟ್ರಿಕ್ಸ್ ಮಾಡಿದೆ, ಅರ್ಧಕ್ಕರ್ಧ ಖಾಲಿ. ಯಾರು ಒಪ್ತಾರೆ, ಯಾರು ಒಪ್ಪಲ್ಲ ಅಂತ ಗುರುತು ಹಾಕೋದು ಹೇಗೆ?

ಮೊದಲು ಗುರುತು ಹಾಕಲೇಬೇಡಿ. ಅಡ್ಡಸಾಲಿಗೊಂದು ವಿಷಯ, ಕಾಲಂಗೊಬ್ಬ ಪ್ರವಾಸಿ ಇಟ್ಟುಕೊಂಡು, ಆತ ಹೇಳಿದ್ದನ್ನು ಒಂದೇ ವಾಕ್ಯದಲ್ಲಿ ಪುಟಸಂಖ್ಯೆ ಸಮೇತ ಬರೆಯಿರಿ. ಸಾಲು ಪೂರ್ತಿ ತುಂಬಿದ ಮೇಲೆ ಕೊನೆಯಲ್ಲಿ ಇನ್ನೊಂದು ಕಾಲಂ ಸೇರಿಸಿ, ತೀರ್ಮಾನ ಅಲ್ಲಿ ಬರಲಿ. ಮೊದಲೇ ‘ಒಪ್ಪಿಗೆ’ ಎಂದು ಬರೆದರೆ ಯಾವುದಕ್ಕೆ ಒಪ್ಪಿಗೆ ಅನ್ನೋದು ತಿಂಗಳ ನಂತರ ನಿಮಗೇ ಗೊತ್ತಾಗುವುದಿಲ್ಲ.

ಸೈನ್ಯದ ಸಾಲನ್ನೇ ನೋಡಿ. ನಿಕೊಲೊ ಕಾಂಟಿ 90 ಸಾವಿರ ಎನ್ನುತ್ತಾನೆ, ಅಬ್ದುರ್ ರಜಾಕ್ 11 ಲಕ್ಷ, ಪಾಯಸ್ 10 ಲಕ್ಷ. ನೋಡಿದ ಕೂಡಲೇ ‘ಭಿನ್ನ’ ಎಂದು ಬರೆಯಲು ಕೈ ಹೋಗುತ್ತದೆ. ಆದರೆ ಕಾಂಟಿ ಎಣಿಸಿದ್ದು ಪಟ್ಟಣದೊಳಗೆ ಆಯುಧ ಹಿಡಿಯಬಲ್ಲ ಗಂಡಸರನ್ನು, ಉಳಿದಿಬ್ಬರು ಎಣಿಸಿದ್ದು ರಾಜನ ಸೈನ್ಯವನ್ನು. ಲೆಕ್ಕವೇ ಬೇರೆ, ಹಾಗಾಗಿ ಇದು ಭಿನ್ನಾಭಿಪ್ರಾಯವಲ್ಲ. ಸಾಲನ್ನು ಎರಡಾಗಿ ಒಡೆಯಿರಿ. ಮಹಾನವಮಿ ಎಷ್ಟು ದಿನ ಎಂಬ ಸಾಲು ಹಾಗಲ್ಲ: ರಜಾಕ್ ಮೂರು ದಿನ ಎಂದರೆ, ಪಾಯಸ್ ಮತ್ತು ನೂನಿಜ್ ಒಂಬತ್ತು ಎನ್ನುತ್ತಾರೆ. ಇದಕ್ಕೆ ‘ಭಿನ್ನ’ ಎನ್ನಬಹುದು. ನಡುವೆ ಮುಕ್ಕಾಲು ಶತಮಾನ ಕಳೆದಿದೆ ಎಂಬುದನ್ನೂ ಪಕ್ಕದಲ್ಲೇ ಬರೆದಿಡಿ.

ಇನ್ನು ಖಾಲಿ ಸೆಲ್. ಅದು ಮೂರು ಬಗೆ, ಮೂರಕ್ಕೂ ಬೇರೆ ಗುರುತು ಬೇಕು. ಕೃಷ್ಣದೇವರಾಯನ ಸಾಲಿನಲ್ಲಿ ಕಾಂಟಿ ಮತ್ತು ರಜಾಕ್ ಕಾಲಂಗೆ ‘ಅನ್ವಯಿಸದು’ ಎಂದು ಹಾಕಿ. ರಜಾಕ್ ಬಂದಿದ್ದು 1443ರಲ್ಲಿ, ಇಮ್ಮಡಿ ದೇವರಾಯನ ಕಾಲದಲ್ಲಿ. ಹೇಳುವ ಅವಕಾಶವಿದ್ದೂ ಹೇಳದಿದ್ದರೆ ಮಾತ್ರ ‘ಮೌನ’. ಓದಿ ಮುಗಿಸದ ಕಡೆ ‘?’ ಸಾಕು. ನೂನಿಜ್ ಬಂದಿದ್ದು ಕೃಷ್ಣದೇವರಾಯ ತೀರಿಕೊಂಡ ಮೇಲೆ. ರಾಯನ ಮೈಕಟ್ಟು, ಬಣ್ಣದ ವಿಷಯದಲ್ಲಿ ಅವನಿಂದ ಏನನ್ನು ನಿರೀಕ್ಷಿಸಬಹುದು ಎಂದು ಕೇಳಿಕೊಂಡೇ ಗುರುತು ಹಾಕಿ. ಪಾಯಸ್ ಆದರೋ ಕಣ್ಣಾರೆ ಕಂಡವನು, ರಾಯನ ಮುಖದ ಸಿಡುಬಿನ ಕಲೆಯನ್ನೂ ಬಿಟ್ಟಿಲ್ಲ.

‘ಮೌನ’ದಲ್ಲಿ ಎಡವುವುದು ಹೆಚ್ಚಾಗಿ ಪಿಡಿಎಫ್‌ನಲ್ಲಿ ಹುಡುಕುವಾಗ. `Vijayanagara` ಎಂದು ಹುಡುಕಿದರೆ ಮೂಲಪಾಠದಲ್ಲಿ ಏನೂ ಸಿಗದಿರಬಹುದು. ಪೋರ್ಚುಗೀಸರಾದ ಪಾಯಸ್ ಮತ್ತು ನೂನಿಜ್‌ಗೆ ಅದು `Bisnaga`, ಕಾಂಟಿಗೆ `Bizenegalia`. ಅನುವಾದದಿಂದ ಅನುವಾದಕ್ಕೆ ಕಾಗುಣಿತವೂ ಬದಲಾಗುತ್ತದೆ. ಸಂಬಂಧಪಟ್ಟ ಭಾಗವನ್ನು ಪೂರ್ತಿ ಓದದೆ ‘ಮೌನ’ ಬರೆಯಬೇಡಿ.

ಕಾಲಂ ತಲೆಯಲ್ಲಿ ಹೆಸರಿನ ಕೆಳಗೆ ಬಂದ ವರ್ಷವನ್ನೂ, ಮಾತು ಯಾರ ಕೈಯಿಂದ ನಮಗೆ ತಲುಪಿತು ಎಂಬುದನ್ನೂ ನಮೂದಿಸಿ. ಕಾಂಟಿ ತಾನೇ ಬರೆದವನಲ್ಲ, ಅವನು ಹೇಳಿದ್ದನ್ನು ಇಟಲಿಯ ವಿದ್ವಾಂಸ ಪೊಜ್ಜೊ ಲ್ಯಾಟಿನ್‌ನಲ್ಲಿ ಬರೆದುಕೊಂಡ. ಹಾಗಾಗಿ ಆ ಕಾಲಂನ ‘ಮೌನ’ ಕಾಂಟಿಯದೋ ಪೊಜ್ಜೊನದೋ ಹೇಳಲು ಬರುವುದಿಲ್ಲ. ಅಲ್ಲಿನ ಮೌನದ ಮೇಲೆ ವಾದ ಕಟ್ಟಲು ಹೋಗಬೇಡಿ.