ಕಂತಿನ ದಿನ 80 ರೂಪಾಯಿ ಕಡಿಮೆ ಬಿದ್ದರೆ

ಪ್ರಶ್ನೆ: ಹಾಸನದಲ್ಲಿ ಟ್ರ್ಯಾಕ್ಟರ್ ಸಾಲ ಇದೆ. ಕಂತು 8,500, ಖಾತೆಯಲ್ಲಿ 8,420 ಇತ್ತು. ಖಾತೆಯಿಂದ ಕಂತು ತಾನಾಗಿ ಕಡಿತವಾಗುವ ಸ್ಟ್ಯಾಂಡಿಂಗ್ ಇನ್‌ಸ್ಟ್ರಕ್ಷನ್ ಫೇಲ್ ಆಗಿದೆ. ಈಗೇನು ಮಾಡಲಿ?

ಉತ್ತರ: ಸಾಮಾನ್ಯವಾಗಿ ಪೂರ್ತಿ ಕಂತಿನ ಹಣ ಇಲ್ಲದಿದ್ದರೆ ಸ್ಟ್ಯಾಂಡಿಂಗ್ ಇನ್‌ಸ್ಟ್ರಕ್ಷನ್ ನಡೆಯುವುದೇ ಇಲ್ಲ. 80 ರೂಪಾಯಿ ಕೊರತೆಗೆ ಇಡೀ 8,500 ಬಾಕಿ ನಿಲ್ಲುತ್ತದೆ. ಇದು ಅನ್ಯಾಯ ಅನ್ನಿಸುತ್ತೆ, ಅಲ್ವಾ?

ಇವತ್ತೇ ಖಾತೆಗೆ ಹಣ ತುಂಬಿ. ಆದರೆ ಸುಮ್ನೆ ತುಂಬಿ ಕಾಯಬೇಡಿ. ಕೆಲವು ಬ್ಯಾಂಕುಗಳು ಮತ್ತೆ ಪ್ರಯತ್ನಿಸುತ್ತವೆ, ಕೆಲವು ಇಲ್ಲ. ಶಾಖೆಯಲ್ಲಿ ಅದನ್ನು ಕೇಳಿ. ಮತ್ತೆ ಪ್ರಯತ್ನ ಇಲ್ಲ ಎಂದರೆ ಸಾಲದ ಖಾತೆಗೇ ನೇರವಾಗಿ ಕಟ್ಟಿ. ಕೇಳದೆ ಕಟ್ಟಿದರೆ ಎರಡು ಸಲ ಹಣ ಹೋಗಬಹುದು.

ಆಮೇಲೆ ಸಾಲದ ಸ್ಟೇಟ್‌ಮೆಂಟ್ ನೋಡಿ. ದಂಡ ಹಾಕಿದ್ದರೆ ಅದು ಪ್ರತ್ಯೇಕ ಶುಲ್ಕವಾಗಿರಬೇಕು. ರಿಸರ್ವ್ ಬ್ಯಾಂಕ್ ನಿಯಮದ ಪ್ರಕಾರ ದಂಡವನ್ನು ಅಸಲಿಗೆ ಸೇರಿಸಿ ಅದರ ಮೇಲೆ ಬಡ್ಡಿ ಹಾಕುವಂತಿಲ್ಲ. ಹಾಗೆ ಹಾಕಿದ್ದರೆ ಲಿಖಿತ ದೂರು ಕೊಡಿ.