ಸೌದೆ ಭಟ್ಟಿಯ ಚಿಮಣಿ: ಎಷ್ಟು ದಿನಕ್ಕೊಮ್ಮೆ ಗುಡಿಸಬೇಕು?

"ನಮ್ಮದು ಸೌದೆ ಭಟ್ಟಿಯ ಬೇಕರಿ. ವರ್ಷಕ್ಕೊಮ್ಮೆ ಚಿಮಣಿ ಗುಡಿಸ್ತೀವಿ, ಆದ್ರೂ ಬೆಳಿಗ್ಗೆ ಬೆಂಕಿ ಹಚ್ಚಿದಾಗ ಹೊಗೆ ಒಳಗೇ ಬರುತ್ತೆ. ಎಷ್ಟು ದಿನಕ್ಕೊಮ್ಮೆ ಮಾಡಿಸಬೇಕು?"

ದಿನನಿತ್ಯ ಉರಿಯುವ ಭಟ್ಟಿಗೆ ವರ್ಷಕ್ಕೊಮ್ಮೆ ಸಾಲದು ಸರ್. ಎಷ್ಟು ದಿನ ಅನ್ನುವುದನ್ನು ಮಸಿಯ ದಪ್ಪವೇ ಹೇಳುತ್ತದೆ. ಭಟ್ಟಿ ಪೂರ್ತಿ ತಣ್ಣಗಾದ ದಿನ ಚಿಮಣಿಯ ಬಾಗಿದ ಭಾಗದಲ್ಲೂ ತುದಿಯಲ್ಲೂ ಮೊಳೆಯಿಂದ ಕೆರೆದು ನೋಡಿ. ಹೊಗೆ ತಣಿಯುವುದು ಮೇಲೆ, ಹಾಗಾಗಿ ಅಲ್ಲೇ ಹೆಚ್ಚು ಕಟ್ಟುತ್ತದೆ. 3 ಮಿ.ಮೀ. ಆಗಿದ್ದರೆ ಗುಡಿಸುವ ಹೊತ್ತು ಬಂತು. ಒಮ್ಮೆ ಚೊಕ್ಕ ಮಾಡಿ ವಾರಕ್ಕೊಮ್ಮೆ ಕೆರೆದು ನೋಡಿ. ಆರು ವಾರದಲ್ಲಿ ಅಷ್ಟು ಕಟ್ಟಿದರೆ, ಅಷ್ಟಾಗುವ ಮೊದಲೇ ಗುಡಿಸಲು ನಿಮಗೆ ತಿಂಗಳಿಗೊಮ್ಮೆ ಎಂದಿಟ್ಟುಕೊಳ್ಳಿ. ಮಳೆಗಾಲದಲ್ಲಿ ಇನ್ನೂ ಬೇಗ.

ಕೆರೆದಾಗ ಪುಡಿಯಾಗಿ ಉದುರಿದರೆ ಚಿಂತೆಯಿಲ್ಲ. ಭಟ್ಟಿಯ ಬಾಯಿಗೆ ಒದ್ದೆ ಗೋಣಿ ಕಟ್ಟಿ, ಕೊಳವೆಯ ಅಳತೆಯದೇ ತಂತಿ ಬ್ರಷ್ ಅನ್ನು ಮೇಲಿನಿಂದ ಇಳಿಸಿ ಉಜ್ಜಿಸಿ, ಕೆಳಗೆ ಬಿದ್ದದ್ದನ್ನೆಲ್ಲ ತೆಗೆಸಿ. ಆದರೆ ಡಾಂಬರಿನಂತೆ ಹೊಳೆಯುವ ಗಟ್ಟಿ ಪದರ ಕಂಡರೆ ಭಟ್ಟಿ ಹಚ್ಚಲೇಬೇಡಿ. ಅದು ಬ್ರಷ್‌ಗೆ ಬರುವುದಿಲ್ಲ, ಕಿಡಿ ತಾಗಿದರೆ ಚಿಮಣಿಯೇ ಹೊತ್ತಿಕೊಳ್ಳುತ್ತದೆ. ಸುಟ್ಟು ತೆಗೆಯೋಣ ಎಂದು ಯಾರಾದರೂ ಹೇಳಿದರೆ ದಯವಿಟ್ಟು ಒಪ್ಪಬೇಡಿ. ಕೆಲಸ ಬಲ್ಲವರಿಂದಲೇ ತೆಗೆಸಿ.

ಆ ಪದರ ಕಟ್ಟುವುದು ಹಸಿ ಸೌದೆಯಿಂದ, ಮತ್ತು ರಾತ್ರಿಯಿಡೀ ಗಾಳಿ ಮುಚ್ಚಿ ಹೊಗೆಯಾಡಿಸುವುದರಿಂದ. ಸೀಳಿದ ಒಂದು ತುಂಡನ್ನು ವಾರವಾರ ತೂಗಿ ನೋಡಿ. ತೂಕ ಇಳಿಯುವುದು ನಿಲ್ಲುವ ತನಕ ಆ ರಾಶಿಯನ್ನು ಭಟ್ಟಿಗೆ ಹಾಕಬೇಡಿ.