ಹಳ್ಳಿ ಶಾಲೆಯ ಮನವಿ ಪತ್ರವನ್ನು ಬಿಗಿಗೊಳಿಸುವ ಬಗೆ

ಪ್ರಶ್ನೆ: ನಮ್ಮದು ಹಳ್ಳಿಯ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ. ಹಳೆಯ ವಿದ್ಯಾರ್ಥಿಗಳಿಗೆ ಮತ್ತು ದಾನಿಗಳಿಗೆ ಕಳಿಸಲೆಂದು ಎರಡು ಪುಟದ ಮನವಿ ಬರೆದಿದ್ದೇವೆ. ಓದಿದವರೆಲ್ಲ ಮನ ಕಲಕಿತು ಅನ್ನುತ್ತಾರೆ, ಹಣ ಮಾತ್ರ ಬರುತ್ತಿಲ್ಲ. ಮಕ್ಕಳನ್ನು ದೀನರಂತೆ ತೋರಿಸದೆ, ಕೊಡುವವರಿಗೆ ನಂಬಿಕೆ ಬರುವಂತೆ ಇದನ್ನು ತಿದ್ದುವುದು ಹೇಗೆ?

ಉತ್ತರ: ನಾನು ನಿವೃತ್ತ ಮುಖ್ಯ ಶಿಕ್ಷಕ. ನಿಮ್ಮ ಪತ್ರದಂಥದ್ದೇ ಒಂದನ್ನು ನಾನೂ ಬರೆದು ಎಡವಿದ್ದೇನೆ. ಆದ್ದರಿಂದ ಆ ಪತ್ರದಿಂದಲೇ ಆರಂಭಿಸುತ್ತೇನೆ. ‘ಶಾಲೆಯ ಸರ್ವಾಂಗೀಣ ಅಭಿವೃದ್ಧಿಗಾಗಿ’ ಐದು ಲಕ್ಷ ರೂಪಾಯಿ ಬೇಕೆಂದು ಅದರಲ್ಲಿ ಕೇಳಿದ್ದೆ. ಶೌಚಾಲಯ, ಕಾಂಪೌಂಡು, ಕಂಪ್ಯೂಟರು, ಆಟದ ಸಾಮಾನು ಎಲ್ಲವೂ ಒಂದೇ ಪತ್ರದಲ್ಲಿದ್ದವು. ‘ಕಡುಬಡತನದಲ್ಲಿ ಬೇಯುತ್ತಿರುವ, ಬರಿಗಾಲಲ್ಲಿ ಶಾಲೆಗೆ ಬರುವ ಮುಗ್ಧ ಕಂದಮ್ಮಗಳು’ ಎಂಬ ಸಾಲಿನ ಪಕ್ಕದಲ್ಲಿ ನಾಲ್ಕನೇ ತರಗತಿಯ ಹುಡುಗಿಯೊಬ್ಬಳು ಬರಿಗಾಲಲ್ಲಿ ಕೂತ ಚಿತ್ರವಿತ್ತು. ವಾಟ್ಸ್ಆ್ಯಪ್‌ನಲ್ಲಿ ಸುತ್ತಿದ ಆ ಪತ್ರ ಒಂದು ವಾರದೊಳಗೆ ನಮ್ಮೂರಿಗೇ ಮರಳಿ ಬಂದಿತು. ಹುಡುಗಿಯ ತಾಯಿ ಶಾಲೆಗೆ ಬಂದು ನಿಂತು, ‘ಮೇಷ್ಟ್ರೇ, ನನ್ನ ಮಗಳಿಗೆ ಚಪ್ಪಲಿ ಇದೆ. ಕ್ಲಾಸಿನ ಬಾಗಿಲಲ್ಲಿ ಬಿಟ್ಟು ಒಳಗೆ ಕೂತಿದ್ಲು. ನೀವು ಅದನ್ನ ಫೋಟೋ ಹಿಡಿದು ಊರೂರಿಗೆ ಹಂಚಿದ್ರಾ?’ ಎಂದು ಕೇಳಿದರು. ನನ್ನ ಬಳಿ ಉತ್ತರವಿರಲಿಲ್ಲ. ನಾನು ಬರೆದದ್ದು ಅವಮಾನಕರವಾಗಿತ್ತು, ಜೊತೆಗೆ ಸುಳ್ಳೂ ಆಗಿತ್ತು. ಮನವಿ ಪತ್ರದಲ್ಲಿ ಈ ಎರಡು ದೋಷಗಳು ಸಾಮಾನ್ಯವಾಗಿ ಒಟ್ಟಿಗೇ ಬರುತ್ತವೆ ಎಂಬುದನ್ನು ನಾನು ಆಮೇಲೆ ಗಮನಿಸಿದೆ: ನಿಖರವಾಗಿ ಹೇಳಲು ನಮ್ಮ ಬಳಿ ಏನೂ ಇಲ್ಲದಾಗ ಕರುಣೆಯ ವಿಶೇಷಣಗಳನ್ನು ತಂದು ತುಂಬುತ್ತೇವೆ.

ಆದ್ದರಿಂದ ಪತ್ರವನ್ನು ತಿದ್ದುವ ಕೆಲಸ ಪೆನ್ನಿನಿಂದ ಶುರುವಾಗುವುದಿಲ್ಲ, ಅಳತೆಯಿಂದ ಶುರುವಾಗುತ್ತದೆ. ಪಟ್ಟಿಯಲ್ಲಿದ್ದ ಎಲ್ಲವನ್ನೂ ಬಿಟ್ಟು ನಾವು ಒಂದನ್ನು ಮಾತ್ರ ಉಳಿಸಿಕೊಂಡೆವು: ಶೌಚಾಲಯ. ಅದರ ವಿಷಯದಲ್ಲಿ ನಿಜವಾಗಿ ಏನು ಕೊರತೆಯಿದೆ ಎಂದು ಎರಡು ವಾರ ನೋಟ್‌ಬುಕ್ಕಿನಲ್ಲಿ ಬರೆದಿಟ್ಟೆವು. ಆಗ ತಿಳಿದದ್ದು ನಮಗೇ ಹೊಸದಾಗಿತ್ತು. ಕಟ್ಟಡ ಚೆನ್ನಾಗಿಯೇ ಇತ್ತು, ಬಾಗಿಲುಗಳ ಚಿಲಕವೂ ಸರಿಯಿತ್ತು, ಇಲ್ಲದಿದ್ದದ್ದು ನೀರು. ಪಂಚಾಯಿತಿಯ ನಲ್ಲಿಯಲ್ಲಿ ದಿನ ಬಿಟ್ಟು ದಿನ ಬೆಳಗಿನ ಆರರಿಂದ ಏಳೂವರೆಯವರೆಗೆ ನೀರು ಬರುತ್ತಿತ್ತು. ನೆಲಮಟ್ಟದಲ್ಲಿ ಹಿಡಿದರೆ 20 ಲೀಟರಿನ ಬಕೆಟ್ಟು ಒಂದು ನಿಮಿಷಕ್ಕೆ ತುಂಬುತ್ತಿತ್ತು, ಆದರೆ ಹನ್ನೆರಡು ಅಡಿ ಎತ್ತರದ ಟ್ಯಾಂಕಿಗೆ ಸರಾಗವಾಗಿ ಏರುವಷ್ಟು ಒತ್ತಡ ಅದಕ್ಕಿರಲಿಲ್ಲ. ಹಾಗಾಗಿ 500 ಲೀಟರಿನ ಟ್ಯಾಂಕು ಅರ್ಧ ಮಾತ್ರ ತುಂಬುತ್ತಿತ್ತು, 96 ಮಕ್ಕಳಿಗೆ ಆ ನೀರು ಬೆಳಗಿನ ವಿರಾಮಕ್ಕೇ ಮುಗಿಯುತ್ತಿತ್ತು. ನಾವು ಮೊದಲ ಪತ್ರದಲ್ಲಿ ಕೇಳಿದ್ದು ‘ಹೊಸ ಶೌಚಾಲಯ ಸಂಕೀರ್ಣ’. ಅದಕ್ಕೆ ಯಾರಾದರೂ ಹಣ ಕೊಟ್ಟಿದ್ದರೆ ನೀರಿಲ್ಲದ ಕಟ್ಟಡ ಒಂದಿದ್ದದ್ದು ಎರಡಾಗುತ್ತಿತ್ತು!

ಕಾರಣ ಗೊತ್ತಾದ ಮೇಲೆ ಪರಿಹಾರ ತಾನಾಗಿ ಚಿಕ್ಕದಾಯಿತು. ನೆಲದಲ್ಲಿ ಒಂದು ಸಂಪು ಕಟ್ಟಿದರೆ ಒಂದೂವರೆ ಗಂಟೆಯಲ್ಲಿ ಸುಮಾರು 1,800 ಲೀಟರು ಸೇರುತ್ತದೆ. ಅದನ್ನು ಸಣ್ಣ ಮೋಟಾರಿನಿಂದ ಮೇಲೇರಿಸಿದರೆ ಎರಡು ದಿನ ನಡೆಯುತ್ತದೆ. ಎರಡು ಅಂಗಡಿಗಳಿಂದ ದರಪಟ್ಟಿ ತರಿಸಿ, ಗಾರೆಯವರನ್ನು ಕರೆದು ಜಾಗ ತೋರಿಸಿ, ಆಮೇಲೆ ಪತ್ರವನ್ನು ಹೊಸದಾಗಿ ಬರೆದೆವು. ಅದರ ಮುಖ್ಯ ಭಾಗ ಹೀಗಿತ್ತು:

‘ನಮ್ಮ ಶಾಲೆಯಲ್ಲಿ 1ರಿಂದ 7ನೇ ತರಗತಿಯವರೆಗೆ 96 ಮಕ್ಕಳು ಓದುತ್ತಿದ್ದಾರೆ. ಶೌಚಾಲಯದ ಕಟ್ಟಡ ಸುಸ್ಥಿತಿಯಲ್ಲಿದೆ, ಆದರೆ ನಲ್ಲಿಯ ನೀರು ಮೇಲಿನ ಟ್ಯಾಂಕಿಗೆ ಪೂರ್ತಿ ಏರುವುದಿಲ್ಲ. ನಾವು ಗಮನಿಸಿದ 10 ಶಾಲಾ ದಿನಗಳಲ್ಲಿ 8 ದಿನ ಮಧ್ಯಾಹ್ನದ ಊಟಕ್ಕೆ ಮೊದಲೇ ನೀರು ಮುಗಿದಿದೆ. ಹಿರಿಯ ತರಗತಿಗಳ ಹೆಣ್ಣುಮಕ್ಕಳು ಊಟದ ಬಿಡುವಿನಲ್ಲಿ ಮನೆಗೆ ಹೋಗಿಬರಬೇಕಾಗಿದೆ, ದೂರದ ಮನೆಯವರು ಕೆಲವೊಮ್ಮೆ ಮಧ್ಯಾಹ್ನದ ತರಗತಿಗಳನ್ನು ಕಳೆದುಕೊಳ್ಳುತ್ತಿದ್ದಾರೆ. 2,000 ಲೀಟರಿನ ಸಂಪಿಗೆ 26,000, ಅರ್ಧ ಎಚ್.ಪಿ. ಮೋಟಾರಿಗೆ 6,200, ಪೈಪು ಮತ್ತು ನಲ್ಲಿಗಳಿಗೆ 5,800, ಕೆಲಸಗಾರರ ಕೂಲಿಗೆ 6,500, ಮೇಲಿನ 1,000 ಲೀಟರಿನ ಟ್ಯಾಂಕಿಗೆ 7,500, ಒಟ್ಟು 52,000 ರೂಪಾಯಿ ಬೇಕಾಗುತ್ತದೆ. ಇದರಲ್ಲಿ 8,000 ರೂಪಾಯಿಯನ್ನು ಪೋಷಕರು ಸೇರಿಸಿದ್ದಾರೆ. ಗುಂಡಿ ತೋಡುವ ಕೆಲಸವನ್ನು ಊರಿನವರು ಮಾಡಿಕೊಡುತ್ತಾರೆ. ಉಳಿದ 44,000 ರೂಪಾಯಿಗಾಗಿ ನಿಮ್ಮನ್ನು ಕೇಳುತ್ತಿದ್ದೇವೆ. 36,500 ರೂಪಾಯಿ ಕೂಡಿದ ದಿನವೇ ಸಂಪಿನ ಕೆಲಸ ಆರಂಭವಾಗುತ್ತದೆ, ಹೊಸ ಟ್ಯಾಂಕು ಬರುವವರೆಗೆ ಹಳೆಯದನ್ನೇ ಬಳಸುತ್ತೇವೆ. 44,000 ಮೀರಿ ಬಂದ ಹಣವನ್ನು ಮೋಟಾರಿನ ದುರಸ್ತಿಗೆಂದು ಖಾತೆಯಲ್ಲಿಯೇ ಇಡುತ್ತೇವೆ.’

ಇದರಲ್ಲಿ ‘ಬಡ’ ಎಂಬ ಪದ ಒಮ್ಮೆಯೂ ಇಲ್ಲ ಎಂಬುದನ್ನು ಗಮನಿಸಿ. ಮಕ್ಕಳು ಓದುತ್ತಿದ್ದಾರೆ, ಹೋಗುತ್ತಾರೆ, ಬರುತ್ತಾರೆ. ಕೊರತೆ ಇರುವುದು ಪೈಪಿನಲ್ಲಿ, ಮಕ್ಕಳಲ್ಲಿ ಅಲ್ಲ. ಊರಿನವರು ಕೊಡುವುದನ್ನು ಕೇಳಿಕೆಗಿಂತ ಮೊದಲು ಬರೆದದ್ದಕ್ಕೂ ಕಾರಣವಿದೆ. ಊರು ಮೊದಲೇ ಕೈಹಾಕಿದ ಕೆಲಸಕ್ಕೆ ಹೊರಗಿನವರು ಜೊತೆಯಾಗುವುದು ಬೇರೆ, ಕೈಚಾಚಿದವರಿಗೆ ಕೊಡುವುದು ಬೇರೆ. ಓದುವವರಿಗೆ ಈ ವ್ಯತ್ಯಾಸ ತಿಳಿಯುತ್ತದೆ. ಚಿತ್ರ ಹಾಕಲೇಬೇಕೆಂದಿದ್ದರೆ ಒಣಗಿದ ನಲ್ಲಿ, ಸಂಪಿಗೆ ಗುರುತು ಹಾಕಿದ ಜಾಗ, ಟ್ಯಾಂಕಿನಲ್ಲಿ ನೀರಿನ ಮಟ್ಟ ತೋರಿಸುವ ಕೋಲು ಇವುಗಳ ಚಿತ್ರ ಸಾಕು. ನಾವು ಮಕ್ಕಳ ಮುಖವಿರುವ ಒಂದನ್ನೂ ಹಾಕಲಿಲ್ಲ, ಅದರಿಂದ ಪತ್ರಕ್ಕೆ ನಷ್ಟವೇನೂ ಆಗಲಿಲ್ಲ.

ಹಣ ಕಡಿಮೆ ಬಿದ್ದರೆ ಏನು, ಹೆಚ್ಚು ಬಂದರೆ ಏನು ಎಂಬ ಎರಡು ವಾಕ್ಯಗಳನ್ನು ಹೆಚ್ಚಿನವರು ಬರೆಯುವುದೇ ಇಲ್ಲ. ಆದರೆ ಸಾವಿರ ರೂಪಾಯಿ ಕೊಡಲು ಮನಸ್ಸು ಮಾಡಿದವನ ತಲೆಯಲ್ಲಿ ಮೊದಲು ಏಳುವ ಅನುಮಾನವೇ ಅದು: ‘ಪೂರ್ತಿ ಸೇರದಿದ್ದರೆ ನನ್ನ ಸಾವಿರ ಎಲ್ಲಿ ಹೋಗುತ್ತದೆ?’ ಕೆಲಸವನ್ನು ಹಂತಗಳಾಗಿ ಒಡೆದು, ಮೊದಲ ಹಂತ ಮುಗಿದರೂ ಅದು ತಾನಾಗಿ ಉಪಯೋಗಕ್ಕೆ ಬರುವಂತಿದ್ದರೆ ಈ ಅನುಮಾನ ನೀಗುತ್ತದೆ. ಅರ್ಧ ಕಟ್ಟಿದ ಗೋಡೆಯಂತೆ ಪೂರ್ತಿ ಆಗುವವರೆಗೆ ಪ್ರಯೋಜನಕ್ಕೆ ಬಾರದ ಕೆಲಸವಾದರೆ, ಸಾಲದಿದ್ದಾಗ ಹಣ ಹಿಂತಿರುಗಿಸುತ್ತೀರೋ, ಯಾವ ದಿನಾಂಕದವರೆಗೆ ಕಾಯುತ್ತೀರೋ ಅದನ್ನು ಬರೆಯಬೇಕು.

ಇನ್ನೊಂದು ಪ್ರಶ್ನೆ ಖಂಡಿತ ಬರುತ್ತದೆ: ‘ಇದು ಸರ್ಕಾರದ ಕೆಲಸವಲ್ಲವೇ?’ ಈ ಪ್ರಶ್ನೆ ಕೇಳುವವರ ಮೇಲೆ ಬೇಸರ ಪಡಬಾರದು, ಅದು ನ್ಯಾಯವಾದದ್ದೇ. ಪಂಚಾಯಿತಿಗೂ ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಗೂ ಯಾವ ದಿನಾಂಕದಂದು ಅರ್ಜಿ ಕೊಟ್ಟಿದ್ದೀರಿ, ಏನು ಉತ್ತರ ಬಂದಿದೆ ಎಂಬುದನ್ನು ದೂರಿನ ದನಿಯಿಲ್ಲದೆ ಒಂದೇ ವಾಕ್ಯದಲ್ಲಿ ಹೇಳಿ. ಮುಂದಿನ ವರ್ಷದ ಕ್ರಿಯಾ ಯೋಜನೆಗೆ ಸೇರಿಸುತ್ತೇವೆಂದು ಅವರು ತಿಳಿಸಿದ್ದರೆ ಅದನ್ನೂ ಬರೆಯಿರಿ. ನೀವು ಇನ್ನೂ ಅರ್ಜಿಯನ್ನೇ ಕೊಟ್ಟಿಲ್ಲವಾದರೆ ಮನವಿ ಪತ್ರವನ್ನು ಬದಿಗಿಟ್ಟು ಮೊದಲು ಅದನ್ನು ಕೊಡಿ.

ಹಣ ತಲುಪಬೇಕಾದ ದಾರಿಯ ಬಗ್ಗೆ ನಾನು ಸ್ವಲ್ಪ ಕಟುವಾಗಿಯೇ ಹೇಳುತ್ತೇನೆ. ಮುಖ್ಯ ಶಿಕ್ಷಕರ ಸ್ವಂತ ಮೊಬೈಲ್ ಸಂಖ್ಯೆಗೆ ಹಣ ಹಾಕಿ ಎಂದು ಬರೆದ ಪತ್ರ ಎಷ್ಟೇ ಪ್ರಾಮಾಣಿಕವಾಗಿದ್ದರೂ ಅಲ್ಲಿಗೆ ಕೆಡುತ್ತದೆ. ಎಸ್‌ಡಿಎಂಸಿ ಅಧ್ಯಕ್ಷರ ಮತ್ತು ಮುಖ್ಯ ಶಿಕ್ಷಕರ ಜಂಟಿ ಸಹಿಯಲ್ಲಿ ನಡೆಯುವ ಬ್ಯಾಂಕ್ ಖಾತೆಯನ್ನೇ ಕೊಡಿ, ಹಣ ಸಂಗ್ರಹಿಸಲು ಸಮಿತಿಯ ಸಭೆ ಒಪ್ಪಿದ ನಡಾವಳಿಯ ದಿನಾಂಕವನ್ನು ನಮೂದಿಸಿ, ಶಾಲೆಯ 11 ಅಂಕಿಯ ಯು-ಡೈಸ್ ಸಂಖ್ಯೆಯನ್ನು ಮೇಲ್ಭಾಗದಲ್ಲಿ ಬರೆಯಿರಿ. ಶಾಲೆ ನಿಜವಾಗಿ ಇದೆಯೇ ಎಂದು ದೂರದವರು ತಾಳೆ ನೋಡಲು ಅದು ನೆರವಾಗುತ್ತದೆ. ಆದಾಯ ತೆರಿಗೆಯ 80ಜಿ ವಿನಾಯಿತಿ ಸಿಗುವುದು ಅದಕ್ಕೆ ಅನುಮೋದನೆ ಪಡೆದ ಸಂಸ್ಥೆಗಳಿಗೆ ಕೊಟ್ಟ ದೇಣಿಗೆಗೆ. ನಿಮ್ಮ ಸಮಿತಿಗೆ ಆ ಅನುಮೋದನೆ ಇಲ್ಲವಾದರೆ ಇಲ್ಲವೆಂದೇ ಬರೆಯಿರಿ, ರಸೀದಿ ಕೊಟ್ಟ ಮೇಲೆ ತಿಳಿಯುವುದಕ್ಕಿಂತ ಮೊದಲೇ ತಿಳಿಯುವುದು ಮೇಲು. ಹಳೆಯ ವಿದ್ಯಾರ್ಥಿಗಳಲ್ಲಿ ವಿದೇಶದಲ್ಲಿರುವವರೂ ಇರಬಹುದು. ಭಾರತದ ಪೌರತ್ವ ಉಳಿಸಿಕೊಂಡವರು ತಮ್ಮ ಸ್ವಂತ ಉಳಿತಾಯದಿಂದ ಬ್ಯಾಂಕಿನ ಮೂಲಕ ಕಳಿಸಿದ ಹಣ ವಿದೇಶಿ ದೇಣಿಗೆ ಎನಿಸುವುದಿಲ್ಲ, ಆದರೆ ಬೇರೆ ದೇಶದ ಪೌರತ್ವ ಪಡೆದವರದು, ಅವರ ಬಳಿ ಒಸಿಐ ಕಾರ್ಡ್ ಇದ್ದರೂ, ವಿದೇಶಿ ದೇಣಿಗೆಯೇ. ಅದನ್ನು ಪಡೆಯಲು 2010ರ ಎಫ್‌ಸಿಆರ್‌ಎ ಕಾಯ್ದೆಯಡಿ ನೋಂದಣಿ ಅಥವಾ ಪೂರ್ವಾನುಮತಿ ಬೇಕು. ಈ ಒಂದು ಸಾಲನ್ನು ಪತ್ರದ ಕೊನೆಯಲ್ಲಿ ಸೇರಿಸಿದರೆ ಇಬ್ಬರಿಗೂ ತೊಂದರೆ ತಪ್ಪುತ್ತದೆ.

ಪತ್ರ ಮುಗಿದ ಮೇಲೆ ಒಂದು ಪರೀಕ್ಷೆ ಮಾಡಿ: ಕಳಿಸುವ ಮೊದಲು ಅದನ್ನು ಪೋಷಕರ ಸಭೆಯಲ್ಲಿ ಗಟ್ಟಿಯಾಗಿ ಓದಿ. ಓದುವಾಗ ಯಾವ ಸಾಲಿನಲ್ಲಿ ನಿಮ್ಮ ದನಿ ತಾನಾಗಿ ತಗ್ಗುತ್ತದೆಯೋ ಆ ಸಾಲನ್ನು ತೆಗೆಯಬೇಕು. ನಮ್ಮ ಎರಡನೆಯ ಪತ್ರವನ್ನು ಹಾಗೆ ಓದಿದಾಗ, ಹಿಂದೆ ನನ್ನನ್ನು ಪ್ರಶ್ನಿಸಿದ್ದ ಅದೇ ತಾಯಿ ಎರಡು ತಿದ್ದುಪಡಿ ಹೇಳಿದರು. ‘ಹೆಣ್ಣುಮಕ್ಕಳು ಬಯಲಿಗೆ ಹೋಗುತ್ತಾರೆ’ ಎಂದು ನಾನು ಬರೆದಿದ್ದೆ, ‘ಮನೆಗೆ ಹೋಗಿ ಬರ್ತಾರೆ, ಬಯಲಿಗಲ್ಲ’ ಎಂದು ಅವರು ಸರಿಪಡಿಸಿದರು. ಗುಂಡಿ ತೋಡುವುದನ್ನು ಕೊನೆಯಲ್ಲಿ ಬರೆದಿದ್ದೆ, ಅದನ್ನು ಮೊದಲು ಹಾಕಿಸಿದ್ದೂ ಅವರೇ. ಮೇಲೆ ನೀವು ಓದಿದ್ದು ಅವರು ತಿದ್ದಿದ ರೂಪ. ಗುಂಡಿ ತೋಡುವ ದಿನ ಅವರ ಮನೆಯಿಂದ ಇಬ್ಬರು ಗುದ್ದಲಿ ಹಿಡಿದು ಬಂದಿದ್ದರು.